ಲೆಕ್ಕದ ಪೇಪರ್‌ನಲ್ಲಿ 180 ನಿಮಿಷ ಹಂಚಿಕೊಳ್ಳುವುದು ಹೇಗೆ? ನೆಗೆಟಿವ್ ಮಾರ್ಕಿಂಗ್ ಇದ್ದಾಗ ಏನು ಮಾಡಬೇಕು?

"ಕೊನೆಯ ಹದಿನೈದು ಪ್ರಶ್ನೆ ನೋಡೋಕೇ ಆಗಲಿಲ್ಲ. ಆಮೇಲೆ ನೋಡಿದರೆ ಅದರಲ್ಲಿ ಅರ್ಧ ನನಗೆ ಬರುವಂಥವೇ." ಲೆಕ್ಕದ ಬಹು ಆಯ್ಕೆ ಪೇಪರ್ ಬರೆದವರು ಪದೇ ಪದೇ ಹೇಳುವ ಮಾತು ಇದು. ಇದರ ಜೊತೆ ಬರುವ ಪ್ರಶ್ನೆಯೂ ಒಂದೇ: ಒಂದು ಪ್ರಶ್ನೆಗೆ ಎಷ್ಟು ನಿಮಿಷ ಕೊಡಬೇಕು?

ಒಟ್ಟು ಸಮಯವನ್ನು ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಉತ್ತರ ಸಿಗುತ್ತದೆ. 75 ಪ್ರಶ್ನೆ, 180 ನಿಮಿಷ ಅಂದರೆ ಒಂದಕ್ಕೆ 2 ನಿಮಿಷ 24 ಸೆಕೆಂಡ್. ಆದರೆ ಪರೀಕ್ಷೆಯಲ್ಲಿ ಈ ಸರಾಸರಿಯಿಂದ ಉಪಯೋಗ ಕಡಿಮೆ. 40 ಸೆಕೆಂಡಿನ ಲೆಕ್ಕಕ್ಕೂ 6 ನಿಮಿಷದ ಲೆಕ್ಕಕ್ಕೂ ಅಂಕ ಒಂದೇ ಇರುವಾಗ ಎರಡಕ್ಕೂ ಸಮ ಸಮಯ ಹಂಚುವುದರಲ್ಲಿ ಅರ್ಥವಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಮುಂದಿನ ಒಂದು ನಿಮಿಷವನ್ನು ಎಲ್ಲಿ ಹಾಕಿದರೆ ಜಾಸ್ತಿ ಅಂಕ ಬರುತ್ತದೆ? ಕೆಳಗಿನ ಎಲ್ಲ ಹಂತಗಳೂ ಇದನ್ನೇ ಹಿಡಿದು ಹೋಗುತ್ತವೆ.

ಉದಾಹರಣೆಗೆ ಒಂದೇ ಪೇಪರ್ ಇಟ್ಟುಕೊಳ್ಳೋಣ. 75 ಪ್ರಶ್ನೆ, 180 ನಿಮಿಷ, ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ. ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಕಡಿತ, ಬಿಟ್ಟರೆ ಸೊನ್ನೆ. ತಪ್ಪಿಗೆ ಹೀಗೆ ಅಂಕ ಕಳೆಯುವುದನ್ನೇ ನೆಗೆಟಿವ್ ಮಾರ್ಕಿಂಗ್ ಅನ್ನುವುದು. ನಿಮ್ಮ ಪೇಪರ್‌ನ ಅಂಕಿಗಳು ಬೇರೆ ಇರಬಹುದು. ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ.

ಮೊದಲು ಏನು ಬೇಕು?

ನಿಮ್ಮದೇ ಎರಡು ಮೂರು ಮಾಕ್ ಟೆಸ್ಟ್‌ಗಳ ಲೆಕ್ಕ ಬೇಕು. ಮಾಕ್ ಟೆಸ್ಟ್ ಅಂದರೆ ನಿಜವಾದ ಪರೀಕ್ಷೆಯ ಥರವೇ ಗಡಿಯಾರ ಇಟ್ಟು ಬರೆಯುವ ಅಭ್ಯಾಸದ ಪೇಪರ್. ಬರೆದ ಮೇಲೆ ಬರೀ ಒಟ್ಟು ಅಂಕ ನೋಡಿ ಎತ್ತಿಡಬೇಡಿ. ಪ್ರತಿ ಪ್ರಶ್ನೆಯ ಪಕ್ಕ ಮೂರು ವಿಷಯ ಬರೆಯಿರಿ: ಸುಮಾರು ಎಷ್ಟು ಸಮಯ ಹಿಡಿಯಿತು, ಉತ್ತರ ಸರಿಯೋ ತಪ್ಪೋ, ಉತ್ತರ ಗುರುತಿಸುವಾಗ ಅನುಮಾನ ಇತ್ತೋ ಇಲ್ಲವೋ. ಮೂರನೆಯದನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಅದು ಯಾಕೆ ಬೇಕು ಅನ್ನುವುದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಕಳೆಯಬೇಕಾದ್ದನ್ನು ಮೊದಲೇ ಕಳೆಯಿರಿ

180 ನಿಮಿಷವೂ ಲೆಕ್ಕ ಮಾಡಲು ಸಿಗುವುದಿಲ್ಲ. ಓಎಂಆರ್ ಶೀಟ್ ಇದ್ದರೆ, ಅಂದರೆ ಉತ್ತರದ ವೃತ್ತವನ್ನು ಪೆನ್ನಿನಿಂದ ತುಂಬುವ ಹಾಳೆ ಇದ್ದರೆ, ಒಂದು ವೃತ್ತಕ್ಕೆ 10 ಸೆಕೆಂಡ್ ಅಂದುಕೊಳ್ಳಿ. 60 ಉತ್ತರಕ್ಕೆ 10 ನಿಮಿಷ ಆಯಿತು. ಕೊನೆಯಲ್ಲಿ 5 ನಿಮಿಷ ಕೈಯಲ್ಲಿರಲಿ. ಉಳಿದದ್ದು 165 ನಿಮಿಷ. ಪ್ಲ್ಯಾನ್ ಮಾಡುವುದು ಇದರ ಮೇಲೆ.

ಕಂಪ್ಯೂಟರ್ ಪರೀಕ್ಷೆಯಾದರೆ ಆ 10 ನಿಮಿಷ ನಿಮ್ಮದೇ. ಆದರೆ "ಆಮೇಲೆ ನೋಡುತ್ತೇನೆ" ಎಂದು ಗುರುತು ಹಾಕಿದ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಸೂಚನೆಗಳಲ್ಲಿ ಓದಿಕೊಳ್ಳಿ. ಈ ನಿಯಮ ಎಲ್ಲ ಪರೀಕ್ಷೆಯಲ್ಲೂ ಒಂದೇ ಇರುವುದಿಲ್ಲ. ವಿಭಾಗಕ್ಕೊಂದು ಗಡಿಯಾರ ಇದ್ದರೆ ಕೆಳಗಿನ ಹಂತಗಳನ್ನು ಪ್ರತಿ ವಿಭಾಗಕ್ಕೂ ಬೇರೆ ಬೇರೆಯಾಗಿ ಮಾಡಬೇಕು.

ಹಂತ 2: ಮೊದಲ ಸುತ್ತು. ಇಡೀ ಪೇಪರ್ ನೋಡಿ, ಸುಲಭದ್ದನ್ನು ಮಾತ್ರ ಮುಗಿಸಿ

ಒಂದನೇ ಪ್ರಶ್ನೆಯಿಂದ ಎಪ್ಪತ್ತೈದರವರೆಗೆ ಸಾಲಾಗಿ ಹೋಗಿ. ಪ್ರತಿ ಪ್ರಶ್ನೆಯನ್ನೂ ಓದಿ, ಅರ್ಧ ನಿಮಿಷದೊಳಗೆ ತೀರ್ಮಾನ ಮಾಡಿ. ಉತ್ತರದ ತನಕ ದಾರಿ ಪೂರ್ತಿ ಕಾಣುತ್ತಿದ್ದರೆ, ಮತ್ತು ಎರಡು ನಿಮಿಷದೊಳಗೆ ಮುಗಿಯುವಂತಿದ್ದರೆ, ಈಗಲೇ ಮಾಡಿ. ದಾರಿ ಗೊತ್ತಿದೆ ಆದರೆ ಉದ್ದ ಇದೆ ಅನ್ನಿಸಿದರೆ ಪಕ್ಕದಲ್ಲಿ 2 ಎಂದು ಬರೆದು ಮುಂದೆ ಹೋಗಿ. ದಾರಿಯೇ ಕಾಣದಿದ್ದರೆ 3 ಎಂದು ಬರೆಯಿರಿ.

ಓದುವಾಗ ಆಯ್ಕೆಗಳ ಮೇಲೂ ಕಣ್ಣು ಹಾಯಿಸಿ. ಉದ್ದದ ಲೆಕ್ಕ ಅಂದುಕೊಂಡದ್ದು ಆಯ್ಕೆ ನೋಡಿದ ಮೇಲೆ ಹತ್ತು ಸೆಕೆಂಡಿನದಾಗಿಬಿಡಬಹುದು. ಈ ಪ್ರಶ್ನೆ ನೋಡಿ:

ಒಂದು ನಲ್ಲಿ ತೊಟ್ಟಿಯನ್ನು 6 ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು 9 ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ತೆರೆದರೆ ಎಷ್ಟು ಗಂಟೆ ಬೇಕು? ಆಯ್ಕೆಗಳು: 2.8, 3.6, 4.8, 7.5.

ಎರಡೂ ನಲ್ಲಿ 6 ಗಂಟೆಯವೇ ಆಗಿದ್ದರೆ 3 ಗಂಟೆ ಸಾಕಿತ್ತು. ಎರಡೂ 9 ಗಂಟೆಯವೇ ಆಗಿದ್ದರೆ 4.5 ಗಂಟೆ ಹಿಡಿಯುತ್ತಿತ್ತು. ಹಾಗಾಗಿ ಉತ್ತರ 3 ಮತ್ತು 4.5ರ ನಡುವೆ ಇರಲೇಬೇಕು. ಆಯ್ಕೆಗಳಲ್ಲಿ ಅಂಥದ್ದು 3.6 ಒಂದೇ. ಪೆನ್ನು ಮುಟ್ಟುವ ಅಗತ್ಯವೇ ಬರಲಿಲ್ಲ. 7.5 ಅಲ್ಲಿ ಯಾಕಿದೆ ಅಂದರೆ 6 ಮತ್ತು 9ರ ಸರಾಸರಿ ತೆಗೆಯುವವರು ಇರುತ್ತಾರೆ. ಪ್ರಶ್ನೆ ಮಾಡುವವರಿಗೆ ಅದು ಚೆನ್ನಾಗಿ ಗೊತ್ತು. ತಪ್ಪು ಆಯ್ಕೆಗಳು ಸುಮ್ನೆ ಬರೆದವಲ್ಲ, ಜನ ಸಾಮಾನ್ಯವಾಗಿ ಮಾಡುವ ತಪ್ಪಿನಿಂದ ಬರುವ ಉತ್ತರಗಳೇ ಅಲ್ಲಿ ಇರುತ್ತವೆ. ಹಾಗಾಗಿ "ನನಗೆ ಬಂದ ಉತ್ತರ ಆಯ್ಕೆಯಲ್ಲಿ ಇದೆ" ಅನ್ನುವುದು ಅದು ಸರಿ ಅನ್ನುವುದಕ್ಕೆ ಸಾಕ್ಷಿಯಲ್ಲ.

ನಮ್ಮ ಪೇಪರ್‌ನಲ್ಲಿ 35 ಪ್ರಶ್ನೆ ಸುಲಭ, 20 ಮಧ್ಯಮ, 20 ಕಷ್ಟ ಅಂದುಕೊಳ್ಳೋಣ. ಸುಲಭದ 35ಕ್ಕೆ ತಲಾ ಒಂದೂವರೆ ನಿಮಿಷದಂತೆ ಸುಮಾರು 53 ನಿಮಿಷ. ಓದಿ ಬಿಟ್ಟ 40ಕ್ಕೆ ಅರ್ಧ ಅರ್ಧ ನಿಮಿಷದಂತೆ 20 ನಿಮಿಷ. ಮೊದಲ ಸುತ್ತು 73 ನಿಮಿಷಕ್ಕೆ ಮುಗಿಯಿತು. 35ರಲ್ಲಿ 32 ಸರಿ, 3 ತಪ್ಪಾದರೆ 125 ಅಂಕ.

ಓದಿ ಬಿಟ್ಟ 20 ನಿಮಿಷ ದಂಡ ಅಲ್ವಾ ಎಂದು ಕೇಳುವವರಿದ್ದಾರೆ. ಅಲ್ಲ. ಇಡೀ ಪೇಪರ್‌ನಲ್ಲಿ ಏನಿದೆ ಎಂದು ಗೊತ್ತಾಗಲು ಕೊಟ್ಟ ಬೆಲೆ ಅದು. ಅದು ಸಿಕ್ಕಾಪಟ್ಟೆ ಅಗ್ಗ ಅನ್ನುವುದು ನಾಲ್ಕನೇ ಹಂತದ ಲೆಕ್ಕದಲ್ಲಿ ಕಾಣುತ್ತದೆ.

ಒಂದು ಕೋಷ್ಟಕ ಅಥವಾ ಗ್ರಾಫ್ ಕೊಟ್ಟು ಅದರ ಮೇಲೆ ನಾಲ್ಕೈದು ಪ್ರಶ್ನೆ ಕೇಳುವ ಗುಂಪುಗಳಿಗೆ ಮಾತ್ರ ಬೇರೆ ನಿಯಮ. ಅಲ್ಲಿ ಕೋಷ್ಟಕ ಅರ್ಥ ಮಾಡಿಕೊಳ್ಳಲು ಮೂರು ನಿಮಿಷ ಹೋಗುತ್ತದೆ. ಅದನ್ನು ಓದಿ ಒಂದು ಪ್ರಶ್ನೆ ಮಾಡಿ ಉಳಿದದ್ದನ್ನು ಆಮೇಲೆ ಅಂದರೆ ಆ ಮೂರು ನಿಮಿಷವನ್ನು ಇನ್ನೊಮ್ಮೆ ಕಟ್ಟಬೇಕು. ಅದಕ್ಕೇ ಮೊದಲು ಕೋಷ್ಟಕ ಓದಬೇಡಿ, ಅದರ ಕೆಳಗಿನ ಪ್ರಶ್ನೆಗಳನ್ನು ಓದಿ. ಅರ್ಧಕ್ಕಿಂತ ಹೆಚ್ಚು ಪ್ರಶ್ನೆ ನಿಮ್ಮ ಕೈಗೆ ಸಿಗುವಂತಿದ್ದರೆ ಇಡೀ ಗುಂಪನ್ನು ಒಟ್ಟಿಗೆ ಮಾಡಿ, ಇಲ್ಲವಾದರೆ ಇಡೀ ಗುಂಪನ್ನು ಒಟ್ಟಿಗೆ ಬಿಡಿ.

ಹಂತ 3: ಬಿಡುವುದನ್ನು ಕಲಿಯಿರಿ

ಸಮಯ ಸೋರಿಹೋಗುವುದು ಹೆಚ್ಚಾಗಿ ಇಲ್ಲೇ. ಎರಡು ನಿಮಿಷದ್ದು ಎಂದು ಕೈಹಾಕಿದ ಲೆಕ್ಕ ನಾಲ್ಕು ನಿಮಿಷವಾದರೂ ಮುಗಿದಿರುವುದಿಲ್ಲ. "ಇಷ್ಟು ಮಾಡಿದ್ದೀನಲ್ಲ, ಇನ್ನು ಸ್ವಲ್ಪ" ಎಂದು ಮನಸ್ಸು ಹೇಳುತ್ತದೆ. ಹೋದ ನಾಲ್ಕು ನಿಮಿಷ ಮಾತ್ರ ವಾಪಸ್ ಬರುವುದಿಲ್ಲ. ನೋಡಬೇಕಾದದ್ದು ಇಲ್ಲಿಂದ ಮುಂದೆ ಎಷ್ಟು ಬೇಕು ಅನ್ನುವುದನ್ನು ಮಾತ್ರ.

ಹಾಗೆಂದು ಎರಡು ನಿಮಿಷ ಆದ ಕೂಡಲೇ ಗಡಿಯಾರ ನೋಡಿ ಬಿಟ್ಟೇಬಿಡಬೇಕು ಎಂದೂ ಅಲ್ಲ. ನಿಧಾನವಾಗುವುದು ಬೇರೆ, ಸಿಕ್ಕಿಹಾಕಿಕೊಳ್ಳುವುದು ಬೇರೆ. ಮುಂದಿನ ಸಾಲು ಏನು ಅಂತ ಗೊತ್ತಿದ್ದು, ಗುಣಾಕಾರ ಭಾಗಾಕಾರ ಅಷ್ಟೇ ಬಾಕಿ ಇದ್ದರೆ ಅದು ನಿಧಾನ. ಇನ್ನು 40 ಸೆಕೆಂಡಿನಲ್ಲಿ 4 ಅಂಕ ಬರುವ ಜಾಗವನ್ನು ಬಿಟ್ಟು ಏಳಬೇಡಿ, ಮುಗಿಸಿ. ಆದರೆ ಅರ್ಧ ನಿಮಿಷದಿಂದ ರಫ್ ಹಾಳೆಯ ಮೇಲೆ ಹೊಸ ಸಾಲು ಬಿದ್ದಿಲ್ಲ, ಪ್ರಶ್ನೆಯನ್ನೇ ಮೂರನೇ ಸಲ ಓದುತ್ತಿದ್ದೀರಿ ಅಂದರೆ ಸಿಕ್ಕಿಹಾಕಿಕೊಂಡಿದ್ದೀರಿ. ಆಗ ಬಿಟ್ಟು ಹೊರಡಿ.

ಬಿಡುವುದಕ್ಕೂ ಒಂದು ಕ್ರಮ ಇದೆ. ರಫ್ ಹಾಳೆಯಲ್ಲಿ ಪ್ರತಿ ಲೆಕ್ಕದ ಮೇಲೆ ಪ್ರಶ್ನೆ ಸಂಖ್ಯೆ ಬರೆದು ಸುತ್ತು ಹಾಕಿ. ಬಿಡುವಾಗ ಅಲ್ಲಿಯ ತನಕ ಸಿಕ್ಕ ಮುಖ್ಯ ಸಮೀಕರಣದ ಕೆಳಗೆ ಗೆರೆ ಎಳೆಯಿರಿ. ಇದಕ್ಕೆ ಐದು ಸೆಕೆಂಡ್ ಸಾಕು. ಎರಡನೇ ಸುತ್ತಿಗೆ ಬಂದಾಗ ಲೆಕ್ಕ ಅಲ್ಲಿಂದಲೇ ಮುಂದುವರಿಯುತ್ತದೆ. ಮೂಲೆ ಮೂಲೆಯಲ್ಲಿ ಗೀಚಿದವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅಂಥವರಿಗೆ "ಬಿಟ್ಟು ಆಮೇಲೆ ಬಾ" ಅನ್ನುವ ಸಲಹೆಯಿಂದ ನಷ್ಟವೇ ಹೆಚ್ಚು.

ಹಂತ 4: ಎರಡನೇ ಸುತ್ತು ಮತ್ತು ನಿಮಿಷದ ಬೆಲೆ

ಈಗ 2 ಎಂದು ಗುರುತು ಹಾಕಿದವನ್ನು ಮಾಡಿ. ತಲಾ ಮೂರು ನಿಮಿಷದಂತೆ 20 ಪ್ರಶ್ನೆಗೆ 60 ನಿಮಿಷ. 15 ಸರಿ, 5 ತಪ್ಪಾದರೆ 55 ಅಂಕ. ಒಟ್ಟು 133 ನಿಮಿಷ ಕಳೆದಿದೆ, 165ರಲ್ಲಿ 32 ಉಳಿದಿದೆ.

ಇನ್ನು ಕಷ್ಟದ ಪ್ರಶ್ನೆಗಳು. ಒಂದಕ್ಕೆ 5 ನಿಮಿಷ, ಮಾಡಿದ್ದರಲ್ಲಿ ಅರ್ಧ ಸರಿ ಅಂದುಕೊಂಡರೆ ಎರಡು ಪ್ರಶ್ನೆಗೆ 4 ಬಂದು 1 ಹೋಗಿ 3 ಅಂಕ. ಹತ್ತು ನಿಮಿಷಕ್ಕೆ 3 ಅಂಕ. ಇದನ್ನು ಹಿಂದಿನ ಸುತ್ತುಗಳ ಜೊತೆ ಇಟ್ಟು ನೋಡಿ. ಓದಿ ಬಿಟ್ಟ ಸಮಯವನ್ನೂ ಸೇರಿಸಿ ಮೊದಲ ಸುತ್ತಿನಲ್ಲಿ ಹತ್ತು ನಿಮಿಷಕ್ಕೆ 17 ಅಂಕ ಬಂದಿತ್ತು, ಎರಡನೇ ಸುತ್ತಿನಲ್ಲಿ 9. ಗಡಿಯಾರಕ್ಕೆ ಎಲ್ಲ ನಿಮಿಷವೂ ಒಂದೇ. ಅಂಕದ ಲೆಕ್ಕದಲ್ಲಿ ಮಾತ್ರ ಇಷ್ಟು ವ್ಯತ್ಯಾಸ.

ಇದೇ ವಿದ್ಯಾರ್ಥಿ, ಇದೇ ವೇಗದಲ್ಲಿ, ಸುತ್ತು ಗಿತ್ತು ಏನೂ ಇಲ್ಲದೆ ಬಂದದ್ದನ್ನು ಬಂದ ಹಾಗೆ ಮಾಡುತ್ತಾ ಹೋದರೆ? ಸುಲಭ, ಕಷ್ಟ ಎಲ್ಲ ಬೆರೆತಿರುವುದರಿಂದ 165 ನಿಮಿಷಕ್ಕೆ ಸುಮಾರು 58ನೇ ಪ್ರಶ್ನೆ ತಲುಪುತ್ತಾರೆ: 27 ಸುಲಭ, 16 ಮಧ್ಯಮ, 15 ಕಷ್ಟ. ಸುಲಭದಲ್ಲಿ 25 ಸರಿ 2 ತಪ್ಪು, 98 ಅಂಕ. ಮಧ್ಯಮದಲ್ಲಿ 12 ಸರಿ 4 ತಪ್ಪು, 44 ಅಂಕ. ಕಷ್ಟದಲ್ಲಿ 7 ಸರಿ 8 ತಪ್ಪು, 20 ಅಂಕ. ಒಟ್ಟು 162. ಕಷ್ಟದ 15 ಪ್ರಶ್ನೆ 75 ನಿಮಿಷ ತಿಂದು 20 ಅಂಕ ಕೊಟ್ಟವು. ಸುಲಭದ 8 ಪ್ರಶ್ನೆ ಕೊನೆಯ ಪುಟಗಳಲ್ಲಿ ನೋಡದೆಯೇ ಉಳಿದವು. ಸುತ್ತು ಹಾಕಿದವರಿಗೆ 133 ನಿಮಿಷಕ್ಕೇ 180 ಅಂಕ ಆಗಿದೆ, ಇನ್ನೂ 32 ನಿಮಿಷ ಕೈಯಲ್ಲಿದೆ.

ಹಂತ 5: ಉಳಿದ ಸಮಯ. ಹೊಸ ಪ್ರಶ್ನೆಯೋ, ಹಳೆಯದನ್ನು ನೋಡುವುದೋ?

ಹೆಚ್ಚಿನವರು ಈ 32 ನಿಮಿಷವನ್ನೂ ಹೊಸ ಪ್ರಶ್ನೆಗಳಿಗೇ ಹಾಕುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ, ಕಾರಣ ಲೆಕ್ಕದಲ್ಲೇ ಇದೆ.

ನೆಗೆಟಿವ್ ಮಾರ್ಕಿಂಗ್ ಇರುವಾಗ ಒಂದು ತಪ್ಪು ಉತ್ತರವನ್ನು ಹಿಡಿದು ಸರಿಪಡಿಸಿದರೆ ಸಿಗುವುದು 4 ಅಂಕವಲ್ಲ, 5. ಹೋಗುತ್ತಿದ್ದ 1 ಉಳಿಯುತ್ತದೆ, ಬರದಿದ್ದ 4 ಬರುತ್ತದೆ. ಸರಿ ಉತ್ತರ ಸಿಗದಿದ್ದರೂ, ಗುರುತಿಸಿದ್ದು ತಪ್ಪು ಅಂತ ಖಚಿತವಾಗಿ ಅದನ್ನು ತೆಗೆದರೆ 1 ಅಂಕ ಉಳಿಯಿತು.

ಆದರೆ ಎಲ್ಲ ಉತ್ತರವನ್ನೂ ಮತ್ತೆ ನೋಡಲು ಸಮಯ ಇರುವುದಿಲ್ಲ. ಹಾಗಾಗಿ ಮೊದಲ ಎರಡು ಸುತ್ತಿನಲ್ಲಿ ಉತ್ತರ ಗುರುತಿಸುವಾಗ ಎಲ್ಲಿ ಮನಸ್ಸು ಸ್ವಲ್ಪ ಹಿಂಜರಿಯಿತೋ ಅಲ್ಲಿ ಪ್ರಶ್ನೆಪತ್ರಿಕೆಯ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ. ಅಂಥವು 10 ಇವೆ, ಅವುಗಳಲ್ಲಿ ನಿಜಕ್ಕೂ ತಪ್ಪಾದವು 3, ತಲಾ ಒಂದು ನಿಮಿಷ ಕೊಟ್ಟು ನೋಡಿದಾಗ 2 ಸರಿಹೋದವು ಅಂದುಕೊಳ್ಳಿ. ಹತ್ತು ನಿಮಿಷಕ್ಕೆ 10 ಅಂಕ. ಅದೇ ಹತ್ತು ನಿಮಿಷ ಕಷ್ಟದ ಪ್ರಶ್ನೆಗೆ ಹೋಗಿದ್ದರೆ 3.

ಈ ಸಂಖ್ಯೆ ನಿಮಗೆ ಎಷ್ಟು ಅನ್ನುವುದನ್ನು ಮಾಕ್ ಟೆಸ್ಟ್ ಹೇಳಬೇಕು. ಅನುಮಾನ ಇತ್ತೋ ಇಲ್ಲವೋ ಎಂದು ಬರೆದುಕೊಳ್ಳಲು ಹೇಳಿದ್ದು ಅದಕ್ಕೇ. ನೀವು ಅನುಮಾನ ಪಟ್ಟ ಉತ್ತರಗಳಲ್ಲಿ ತಪ್ಪು ತೀರಾ ಕಡಿಮೆ ಇದ್ದರೆ, ಅನುಮಾನವಿಲ್ಲದೆ ಬರೆದವುಗಳಲ್ಲೇ ತಪ್ಪು ಬರುತ್ತಿದ್ದರೆ, ಈ ಹಂತದಿಂದ ನಿಮಗೆ ಅಷ್ಟು ಲಾಭವಿಲ್ಲ.

ಮತ್ತೆ ನೋಡುವಾಗ ಹಳೆಯ ಲೆಕ್ಕದ ಮೇಲೇ ಕಣ್ಣಾಡಿಸಬೇಡಿ. ಮೊದಲು ಕಾಣದ ತಪ್ಪು ಎರಡನೇ ಸಲವೂ ಕಾಣುವುದು ಕಷ್ಟ. ಉತ್ತರವನ್ನು ಪ್ರಶ್ನೆಯೊಳಗೆ ಹಾಕಿ ತಾಳೆ ನೋಡಿ. ಆಮೇಲೆ ಪ್ರಶ್ನೆಯ ಕೊನೆಯ ಸಾಲನ್ನು ಓದಿ. ಕೇಳಿದ್ದು ತ್ರಿಜ್ಯವೋ ವ್ಯಾಸವೋ, ಲಾಭವೋ ಮಾರಿದ ಬೆಲೆಯೋ, ನಿಮಿಷವೋ ಗಂಟೆಯೋ?

ಹೀಗೆ ಹತ್ತು ನಿಮಿಷ ಪರಿಶೀಲನೆಗೆ, 20 ನಿಮಿಷ ಕಷ್ಟದ ನಾಲ್ಕು ಪ್ರಶ್ನೆಗೆ ಹೋದರೆ ಇನ್ನು 16 ಅಂಕ. ಒಟ್ಟು 196. ಸಾಲಾಗಿ ಹೋದವರ 162ಕ್ಕೆ ಹೋಲಿಸಿದರೆ 34 ಜಾಸ್ತಿ. ಹೆಚ್ಚಿಗೆ ಓದಿದ್ದರಿಂದ ಬಂದದ್ದಲ್ಲ, ಸಮಯ ಹಂಚಿದ್ದರಿಂದ ಬಂದದ್ದು.

ಹಂತ 6: ಉಳಿದ ಪ್ರಶ್ನೆಗಳಿಗೆ ಗೆಸ್ ಮಾಡಬೇಕಾ?

ಇನ್ನೂ 16 ಪ್ರಶ್ನೆ ಖಾಲಿ ಇವೆ. ಇಲ್ಲಿ ಭಂಡ ಧೈರ್ಯವೂ ಬೇಡ, ಸುಮ್ಮನೆ ಹೆದರಿಕೆಯೂ ಬೇಡ. ಒಂದು ಸಣ್ಣ ಸೂತ್ರ ಸಾಕು:

```
ಕನಿಷ್ಠ ಸಾಧ್ಯತೆ = ಕಡಿತ ÷ (ಅಂಕ + ಕಡಿತ)
```

ಉತ್ತರ ಸರಿಯಾಗುವ ಸಾಧ್ಯತೆ ಇದಕ್ಕಿಂತ ಜಾಸ್ತಿ ಇದ್ದರೆ ಗುರುತಿಸುವುದು ಲಾಭ. 4ಕ್ಕೆ 1 ಕಡಿತವಾದರೆ ಇದು 1/5. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಿದರೂ ಸಾಧ್ಯತೆ 1/4. ಅಂದರೆ ಸರಾಸರಿ ನೋಡಿದರೆ ಕಾಲು ಅಂಕದಷ್ಟು ಲಾಭ ಇದೆ. 1 ಅಂಕಕ್ಕೆ 1/3 ಕಡಿತವಾದರೆ ಮಿತಿಯೇ 1/4. ಆಗ ಕುರುಡು ಗೆಸ್‌ನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಡಿತ 1/2 ಇದ್ದರೆ ಮಿತಿ 1/3. ಅಲ್ಲಿ ಕುರುಡು ಗೆಸ್ ಮಾಡಿದರೆ ನಷ್ಟವೇ.

ನಮ್ಮ ಪೇಪರ್‌ನಲ್ಲಿ 16ನ್ನೂ ಕಣ್ಣು ಮುಚ್ಚಿ ತುಂಬಿದರೆ ಸರಾಸರಿ 4 ಸರಿಯಾಗಿ 4 ಅಂಕ ಬರುತ್ತದೆ. ಆದರೆ ಸರಾಸರಿ ಅನ್ನುವುದು ತುಂಬಾ ಸಲ ಆಡಿದವರಿಗೆ, ನೀವು ಬರೆಯುವುದು ಒಂದೇ ಸಲ. ಮೂರು ಅಥವಾ ಅದಕ್ಕಿಂತ ಕಡಿಮೆ ಸರಿಯಾಗಿ ಅಂಕ ಕಳೆದುಕೊಳ್ಳುವ ಸಾಧ್ಯತೆ ಸುಮಾರು ಐದರಲ್ಲಿ ಎರಡು. 4 ಅಂಕದ ಆಸೆಗೆ ಇಷ್ಟು ಅಪಾಯ ಬೇಕಾ ಅನ್ನುವುದನ್ನು ನೀವೇ ನಿರ್ಧರಿಸಬೇಕು.

ಒಂದೆರಡು ಆಯ್ಕೆ ಹೊಡೆದುಹಾಕಲು ಆಗುವ ಪ್ರಶ್ನೆಗಳ ವಿಷಯ ಬೇರೆ. ಒಂದನ್ನು ಹೊಡೆದುಹಾಕಿದರೆ ಸರಾಸರಿ ಲಾಭ ಮುಕ್ಕಾಲಿಗೆ ಹತ್ತಿರ, ಎರಡನ್ನು ಹೊಡೆದುಹಾಕಿದರೆ ಒಂದೂವರೆ ಅಂಕ. ಇವನ್ನು ಬಿಡುವುದು ಅಂದರೆ ಕೈಗೆ ಬಂದ ಅಂಕ ಬಿಟ್ಟಂತೆ. ಒಂದೇ ಷರತ್ತು: ಹೊಡೆದುಹಾಕಲು ಕಾರಣ ಇರಬೇಕು. ಉತ್ತರ ಸಮಸಂಖ್ಯೆ ಆಗಲೇಬೇಕು, ಋಣ ಆಗಲು ಸಾಧ್ಯವಿಲ್ಲ, ನಲ್ಲಿಯ ಲೆಕ್ಕದ ಹಾಗೆ ಇಂತಿಷ್ಟರ ಒಳಗೇ ಇರಬೇಕು, ಇಂಥವೆಲ್ಲ ಕಾರಣ. "ಇದು ಯಾಕೋ ಸರಿ ಅನ್ನಿಸುತ್ತಿಲ್ಲ" ಅನ್ನುವುದು ಕಾರಣವಲ್ಲ. ಸರಿ ಉತ್ತರವನ್ನೇ ಹೊಡೆದುಹಾಕಿಬಿಟ್ಟರೆ ಉಳಿದ ಆಯ್ಕೆಗಳಿಗೆ ಸಾಧ್ಯತೆ ಸೊನ್ನೆ.

ಗಡಿಯಾರ ಯಾವಾಗ ನೋಡಬೇಕು?

ಪ್ರತಿ ಪ್ರಶ್ನೆಗೂ ನೋಡಬೇಡಿ. ಎರಡು ಮೂರು ಸಲ ಸಾಕು. ಈ ಪ್ಲ್ಯಾನ್‌ನಲ್ಲಿ 45ನೇ ನಿಮಿಷಕ್ಕೆ ಹೆಚ್ಚು ಕಡಿಮೆ 45 ಪ್ರಶ್ನೆ ಕಣ್ಣಿಗೆ ಬಿದ್ದಿರಬೇಕು. ಮಾಡಿರಬೇಕು ಅಂತಲ್ಲ, ನೋಡಿರಬೇಕು. 35ರಲ್ಲೇ ಇದ್ದರೆ ಎರಡನೇ ಸುತ್ತಿನ ಲೆಕ್ಕಗಳನ್ನು ಈಗಲೇ ಮಾಡುತ್ತಿದ್ದೀರಿ ಎಂದರ್ಥ. ಆಗ ಕೈ ಓಡಿಸಬೇಡಿ, ಅವಸರದಲ್ಲಿ ಸುಲಭದ್ದೂ ತಪ್ಪಾಗುತ್ತದೆ. ಬಿಡುವುದನ್ನು ಜಾಸ್ತಿ ಮಾಡಿ, ಎರಡು ನಿಮಿಷದ ಬದಲು ಒಂದೂವರೆ ನಿಮಿಷದೊಳಗಿನವನ್ನು ಮಾತ್ರ ಮುಟ್ಟಿ. 60 ದಾಟಿದ್ದರೆ ಪೇಪರ್ ಕಷ್ಟ ಇದೆ, ಹಾಗಾಗಿ ಜಾಸ್ತಿ ಬಿಟ್ಟಿದ್ದೀರಿ. ಮೊದಲ ಸುತ್ತು ಬೇಗ ಮುಗಿಯುತ್ತದೆ, ಮಿಕ್ಕ ಸಮಯ ಎರಡನೇ ಸುತ್ತಿಗೆ ಸೇರುತ್ತದೆ.

ಓಎಂಆರ್ ಶೀಟ್ ಇದ್ದರೆ

ಪ್ರಶ್ನೆ ಬಿಟ್ಟು ಬಿಟ್ಟು ಹೋಗುವ ಈ ಪದ್ಧತಿಯಲ್ಲಿ ಒಂದು ಅಪಾಯ ಇದೆ. 23ನ್ನು ಬಿಟ್ಟು 24ರ ಉತ್ತರವನ್ನು 23ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದ ಮುಂದಿನದೆಲ್ಲ ಒಂದೊಂದು ಸಾಲು ಮೇಲಕ್ಕೆ ಹೋಗುತ್ತದೆ, ಅವುಗಳಲ್ಲಿ ಬಹುತೇಕ ತಪ್ಪಾಗಿ ಅಂಕವೂ ಕಳೆಯುತ್ತದೆ. ಪ್ರಶ್ನೆಪತ್ರಿಕೆಯಲ್ಲೇ ಉತ್ತರಕ್ಕೆ ಸುತ್ತು ಹಾಕಿಕೊಂಡು, ಒಂದು ಪುಟ ಮುಗಿದ ಮೇಲೆ ಆ ಪುಟದ್ದನ್ನು ಒಟ್ಟಿಗೆ ತುಂಬಿ. ತುಂಬುವಾಗ ಪ್ರಶ್ನೆ ಸಂಖ್ಯೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ಎಲ್ಲವನ್ನೂ ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಬೇಡಿ, ಬೆಲ್ ಹೊಡೆಯುವಾಗ ಗೊತ್ತಿದ್ದ ಉತ್ತರಗಳೇ ಖಾಲಿ ಉಳಿಯುತ್ತವೆ. ಅನುಮಾನದ ಚಿಹ್ನೆ ಹಾಕಿದವನ್ನು ಮಾತ್ರ ಪರಿಶೀಲನೆ ಆಗುವವರೆಗೆ ತುಂಬದೆ ಇಡಿ. ಪೆನ್ನಿನಿಂದ ತುಂಬಿದ ವೃತ್ತವನ್ನು ಅಳಿಸಲು ಆಗುವುದಿಲ್ಲವಲ್ಲ.

ಕೊನೆಯ ಐದು ನಿಮಿಷದಲ್ಲಿ ಹೊಸ ಲೆಕ್ಕ ಮುಟ್ಟಬೇಡಿ. ಆ ಹೊತ್ತಿಗೆ ಉಳಿದಿರುವುದು 3ರ ಗುರುತಿನವೇ. ಖಾಲಿ ಬಿಟ್ಟ ಸಾಲುಗಳು ನೀವು ಬೇಕೆಂದೇ ಬಿಟ್ಟವೋ ಮರೆತವೋ ಎಂದು ಒಮ್ಮೆ ನೋಡಿ. ಕಂಪ್ಯೂಟರ್ ಪರೀಕ್ಷೆಯಾದರೆ ಈ ಐದು ನಿಮಿಷದಲ್ಲಿ ಉತ್ತರ ಬದಲಿಸಬೇಕು ಅನ್ನಿಸಬಹುದು. ಇಂಥ ಸಾಲಿನಲ್ಲಿ ಇಂಥ ತಪ್ಪು ಎಂದು ಬೆರಳಿಟ್ಟು ತೋರಿಸಲು ಆಗುವಂತಿದ್ದರೆ ಬದಲಿಸಿ. ಇಲ್ಲದಿದ್ದರೆ ಇದ್ದದ್ದು ಇದ್ದ ಹಾಗೇ ಇರಲಿ.